ಪಾಕೀಟಿನ ಬೆನ್ನು

ಶೇಂಗಾ ಹಿಂಡಿಯನ್ನು ಪ್ಯಾಟಿಯಿಂದ ತರುವುದೆಂದರೆ ನಮ್ಮವ್ವನ ಕಾಲದಲ್ಲಿ ಮನೆತನದ ಮರ್ಯಾದೆಯ ಪ್ರಶ್ನೆ. ನನ್ನ ಮೊಣಕೈ ನೋವು ಆ ಮರ್ಯಾದೆಯನ್ನು ಎಂದೋ ಮೂಲೆಗೆ ಸರಿಸಿಬಿಟ್ಟಿದೆ. ಹೋದ ಏಪ್ರಿಲಿನಲ್ಲಿ ಗಾಂಧಿ ಚೌಕದ ಹತ್ತಿರ ಒಂದು ದೊಡ್ಡ ಅಂಗಡಿಯಿಂದ, ಆ ಅಂಗಡಿಯದೇ ಹೆಸರು ಹೊತ್ತ 200 ಗ್ರಾಮಿನ ಪಾಕೀಟು ತಂದೆ. ರೊಟ್ಟಿಗೆ ಹಚ್ಚಿ ಬಾಯಿಗಿಟ್ಟರೆ ಹಳೆಯ ಎಣ್ಣೆಯ ಕಮಟು. ಹುರಿದ ಶೇಂಗಾದ ಎಣ್ಣೆ ಗಾಳಿ, ಬಿಸಿಲು ತಾಗಿದರೆ ಬೇಗ ಕೆಡುತ್ತದೆ. ಆದರೆ ತಯಾರಾದ ತಾರೀಖಿಗೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ.

ಮರಳಿ ಒಯ್ದಾಗ ಗಲ್ಲೆಯ ಮೇಲಿದ್ದ ಹುಡುಗ, "ನಾವು ಮಾರೂದು ಅಷ್ಟರೀ ಅಕ್ಕೋರ, ಮಾಡಾವ್ರು ಬ್ಯಾರೆ" ಎಂದ. "ಮುಂದ ನಿಮ್ಮ ಹೆಸರೈತಲ್ಲಪಾ" ಎಂದೆ. "ಹಿಂದ ನೋಡ್ರಿ" ಎಂದ.

ಚಾಳೀಸು ಏರಿಸಿ ನೋಡಿದೆ. 'ಮಾರ್ಕೆಟೆಡ್ ಬೈ' ಎಂಬುದರ ಮುಂದೆ ಅಂಗಡಿಯ ಕಂಪನಿ, ಬೆಂಗಳೂರಿನ ವಿಳಾಸ. ಅದರ ಕೆಳಗೆ ಇರುವೆಯ ಸಾಲಿನಂಥ ಅಕ್ಷರದಲ್ಲಿ 'ಮ್ಯಾನ್ಯುಫ್ಯಾಕ್ಚರ್ಡ್ ಬೈ' ಎಂದು ಟಿಕೋಟಾದ ಒಂದು ವಿಳಾಸ! ಇಬ್ಬರಿಗೂ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ. ಟಿಕೋಟಾದ್ದು 212ರಿಂದ ಶುರುವಾಗಿತ್ತು. ಮೊದಲಿನ 2 ಎಂದರೆ ಸಣ್ಣ ಉದ್ಯೋಗದ ನೋಂದಣಿ, 12 ಎಂದರೆ ಕರ್ನಾಟಕ. ದೊಡ್ಡ ಪರವಾನಗಿಯಾದರೆ ಮೊದಲ ಅಂಕಿ 1 ಇರುತ್ತದೆ. ಮಾಲು ಒಬ್ಬರು ಮಾಡಿ ಹೆಸರು ಇನ್ನೊಬ್ಬರದಿದ್ದರೆ, ಹೆಸರಿನವರ ಜೊತೆಗೆ ಮಾಡಿದವರ ವಿಳಾಸ, ಸಂಖ್ಯೆಯೂ ಇರಬೇಕೆನ್ನುತ್ತವೆ 2020ರ ಲೇಬಲ್ ನಿಯಮಗಳು.

ಅದೇ ಕಪಾಟಿನಲ್ಲಿದ್ದ ಇನ್ನೊಂದು ಹೆಸರಿನ, ತುಟ್ಟಿ ಹಿಂಡಿಯ ಪಾಕೀಟನ್ನೂ ತಿರುವಿದೆ. ಅದೇ ಟಿಕೋಟಾ, ಅದೇ ಸಂಖ್ಯೆ. ಹಾಗಾದರೆ ಎರಡೂ ಒಂದೇ ಮಾಲು, ತುಟ್ಟಿಯದು ಬರೀ ಹೆಸರಿನ ಬೆಲೆ ಎಂದು ತೀರ್ಮಾನಿಸುವಷ್ಟರಲ್ಲಿ ಪದಾರ್ಥಗಳ ಪಟ್ಟಿ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ತೂಕ ಹೆಚ್ಚಿದ್ದದ್ದು ಮೊದಲು ಬರಬೇಕು. ತುಟ್ಟಿಯದರಲ್ಲಿ ಶೇಂಗಾ, ಖಾರ, ಬಳ್ಳೊಳ್ಳಿ. ನನ್ನದರಲ್ಲಿ ಶೇಂಗಾದ ಬೆನ್ನಿಗೇ ಪುಟಾಣಿ. ಒಲೆ ಒಂದೇ ಆದರೂ ಅಡಿಗೆ ಬೇರೆ.

ಹೇಳಬೇಕೆಂದರೆ, ದಿನಾ ಬೆಳಿಗ್ಗೆ ನಾವು ಕೊಳ್ಳುವ ನಂದಿನಿಯದೂ ಇದೇ ರೀತಿ. ಹೆಸರು ಕೆಎಂಎಫ್‌ನದು, ಹಾಲು ಸಂಗ್ರಹಿಸಿ ಪಾಕೀಟು ಮಾಡುವುದು ಜಿಲ್ಲೆಯ ಒಕ್ಕೂಟ. ಅದರ ಬಗ್ಗೆ ನಾವ್ಯಾರೂ ತಲೆ ಕೆಡಿಸಿಕೊಂಡಿಲ್ಲ. ತಲೆ ಕೆಡುವುದು ಹಿಂಡಿ ಕೆಟ್ಟಾಗಲೇ.

ರವಿವಾರ ಬಸ್ಸು ಹತ್ತಿ ಟಿಕೋಟಾಕ್ಕೆ ಹೋದೆ. ಬಾಗಿಲು ತೆರೆದವಳು ನನ್ನ ಹಳೆಯ ವಿದ್ಯಾರ್ಥಿನಿ! ನಾಲ್ವರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಮಾಡುತ್ತಾಳೆ. ಕಂಪನಿಯವರು ಎಷ್ಟು ಶೇಂಗಾ, ಎಷ್ಟು ಪುಟಾಣಿ ಎಂದು ಬರೆದುಕೊಡುತ್ತಾರೆ, ಅಚ್ಚು ಹಾಕಿದ ಪಾಕೀಟು ಕಳಿಸುತ್ತಾರೆ, ಕಿಲೋಕ್ಕೆ ಇಷ್ಟು ಎಂದು ಕೊಡುತ್ತಾರೆ. ಮಾಲು ಲಾರಿ ಹತ್ತಿ ಹುಬ್ಬಳ್ಳಿಯ ಗೋದಾಮಿಗೆ ಹೋಗಿ, ಅಲ್ಲಿಂದ ತಿರುಗಿ ಗಾಂಧಿ ಚೌಕಕ್ಕೆ ಬರುತ್ತದೆ. "ವಾಪಸ್ ಬಂದದ್ದರ ರೊಕ್ಕ ನಮ್ಮ ಬಿಲ್ಲಿನಾಗ ಮುರಕೋತಾರ್ರಿ ಅಕ್ಕೋರ" ಎಂದಳು. ಪಾಕೀಟನ್ನು ಚೀಲದಿಂದ ಹೊರಗೆ ತೆಗೆಯಲು ನನಗೆ ಕೈ ಬರಲಿಲ್ಲ.

ಆದರೂ ತೆಗೆದೆ. ಅವಳು ಮುಖ ಸಣ್ಣದು ಮಾಡದೆ ಬ್ಯಾಚ್ ನಂಬರು ಓದಿ, ಒಳಗಿನ ಕಪಾಟಿನಿಂದ ಅದೇ ನಂಬರಿನ ಪಾಕೀಟು ತಂದಳು. ಪ್ರತಿ ಬ್ಯಾಚಿನಲ್ಲಿ ಎರಡನ್ನು, ಅವಧಿ ಮುಗಿಯುವವರೆಗೆ, ಸಾಕ್ಷಿಗೆಂದು ಎತ್ತಿಡುತ್ತಾಳಂತೆ. ಕೊಯ್ದು ಕೊಟ್ಟಳು. ಕಮಟಿಲ್ಲ, ಬಳ್ಳೊಳ್ಳಿಯ ಘಮ ಹಾಗೇ ಇತ್ತು. ಅಂಚಿನ ಬೆಸುಗೆ ಬಿಟ್ಟಿತ್ತೇನೋ ಎಂದು ನನ್ನ ಪಾಕೀಟನ್ನು ಬರಿದು ಮಾಡಿ, ಗಾಳಿ ತುಂಬಿ, ಬಾಯಿ ಹಿಡಿದು ಬಕೀಟಿನ ನೀರಿನಲ್ಲಿ ಅದುಮಿದಳು. ಗುಳ್ಳೆ ಏಳಲಿಲ್ಲ. ಕತ್ತರಿಸಿದ ಬಾಯಿಯ ಬೆಸುಗೆ ಹೇಗಿತ್ತೋ ಅದನ್ನು ಹೇಳುವಂತಿರಲಿಲ್ಲ. ಆಗ ನನಗೆ ನೆನಪಾಯಿತು: ಆ ಪಾಕೀಟನ್ನು ನಾನು ಎತ್ತಿಕೊಂಡದ್ದು ಪಡುವಣ ಬಿಸಿಲು ಬೀಳುವ ಗಾಜಿನ ಹಿಂದಿನಿಂದ. ಏಪ್ರಿಲಿನ ನಮ್ಮೂರ ಬಿಸಿಲು!

ದೂರು ಬರೆದೆ, ಬೆಂಗಳೂರಿನ ವಿಳಾಸಕ್ಕೇ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ, ಬೇರೆಯವರು ಮಾಡಿದ್ದಕ್ಕೆ ತನ್ನ ಗುರುತು ಹಾಕಿಕೊಂಡವನನ್ನೂ ತಯಾರಕನೆಂದೇ ಎಣಿಸಿದ್ದಾರೆ. 'ನಾವು ಮಾರೂದು ಅಷ್ಟ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬ್ಯಾಚ್ ನಂಬರು, ಕೊಂಡ ತಾರೀಖು, ಗಾಜಿನ ಬಿಸಿಲು, ಎತ್ತಿಟ್ಟ ಪಾಕೀಟಿನ ರುಚಿ ಎಲ್ಲ ಬರೆದು, ಟಿಕೋಟಾದ ಬಿಲ್ಲಿನಲ್ಲಿ ಮುರಿಯಬೇಡಿರೆಂದು ಕೊನೆಗೊಂದು ಸಾಲು ಸೇರಿಸಿದೆ. ಮೇಷ್ಟ್ರಗಿತ್ತಿಯ ಚಟ, ಮಾರ್ಜಿನ್ ಬಿಟ್ಟು ಬರೆದಿದ್ದೆ.

ವಾರದೊಳಗೆ ನನ್ನ ಹಣ ಬಂತು. ಅಂಗಡಿಯಲ್ಲಿ ಹಿಂಡಿಯ ಪಾಕೀಟುಗಳು ಗಾಜು ಬಿಟ್ಟು ಒಳಗೋಡೆಗೆ ಸರಿದಿವೆ. ಆ ತಿಂಗಳ ಬಿಲ್ಲಿನಲ್ಲಿ ಅವಳಿಗೆ ಮುರಿದದ್ದು ಮಾತ್ರ ಮುರಿದೇ ಇದೆ; ಎರಡನೆಯ ಪತ್ರ ಬರೆದಿದ್ದೇನೆ.