ವಾಸ್ತುಶಾಂತಿ ಅಡಗಿ ಹಿಂದಿನ ದಿನಾನ ಮುಗಿಸಿದ್ದು

ಹೋದ ಮಾಘದಾಗ ನಮ್ಮ ಹೊಸ ಮನಿ ವಾಸ್ತುಶಾಂತಿ ಆತು. ಅಡಗಿಯವರನ್ನ ಕರೀಲಿಲ್ಲ, 30 ಮಂದಿ ಊಟ ಮನ್ಯಾಗ ಮಾಡಿದ್ವಿ. "ಪೂಜಿಗೆ ಕೂತಾಕಿನೂ ನೀನ, ಅಡಗಿ ಮಾಡಿದಾಕಿನೂ ನೀನ, ಅದ್ಹೆಂಗ?" ಅಂತ ಬಂದವರೆಲ್ಲಾ ಕೇಳಿದ್ರು. ಅದಕ್ಕ ಬರೀಲಿಕತ್ತೀನಿ.

ಭಾಳ ವರ್ಷದ ಹಿಂದ ನಮ್ಮ ಮೈದುನನ ಮನಿ ಶಾಂತಿಯೊಳಗ ನಾ ಹಿತ್ತಲದಾಗ ಹೋಳಿಗಿ ಲಟ್ಟಿಸ್ಕೋತ ಕೂತಿದ್ದೆ. ಒಳಗ "ಉಕ್ಕಿತು, ಉಕ್ಕಿತು" ಅಂತ ಗದ್ದಲಾತು. ಹಿಟ್ಟಿನ ಕೈಲೆ ಓಡಿ ಬರೋದ್ರೊಳಗ ಹಾಲು ಇಳದು ಹೋಗಿತ್ತು. ನಮ್ಮ ಮನಿದರೆ ಎದುರಿಗೆ ನಿಂತು ನೋಡಬೇಕು ಅಂತ ಅವತ್ತ ಅನಕೊಂಡಿದ್ದೆ. ಮ್ಯಾಲೆ ಹೊಸ ಮನ್ಯಾಗ ಹಾಲು ಉಕ್ಕೋ ತನಕಾ ಒಲಿ ಹಚ್ಚಂಗಿಲ್ಲ. ಹಿಂಗಾಗಿ ಹಳೇ ಮನ್ಯಾಗ ಹಿಂದಿನ ದಿನ ಮಾಡಿಟ್ರ ಕೆಡಬಾರದು, ಅಂಥಾವನ್ನ ಆರಿಸಿಕೊಂಡೆ: ಶೇಂಗಾ ಹೋಳಿಗಿ, ಖಡಕ್ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಹುಳಿಯನ್ನ. ಮುಂಜಾನೆಗೆ ಉಳಿದದ್ದು ಅನ್ನ, ಸಾರು, ಕೋಸಂಬರಿ ಅಷ್ಟ. ರೊಟ್ಟಿ ವಾರದ ಹಿಂದ ಓಣಿಯವರ ಕಡೆ ಮಾಡಿಸಿ ತಂದು ಡಬ್ಬಿಯೊಳಗ ಹಾಕಿದ್ದೆ.

ಹೂರಣದ ಹೋಳಿಗಿ ಬಿಟ್ಟದ್ದಕ್ಕ ನಮ್ಮ ಅತ್ತಿಯವರಿಗೆ ಸಿಟ್ಟು. "ಹೂರಣ ಇಲ್ದ ಶಾಂತಿ ಏನ?" ಅಂದ್ರು. ಆದ್ರ ಕಡ್ಲಿಬ್ಯಾಳಿ ಬೇಯಿಸಿದ್ದರ ಒಳಗ ನೀರಿನಂಶ ಇರ್ತದ, ಒಂದು ರಾತ್ರಿ ಹೊರಗ ಇಟ್ರ ಹಳಸಿದ ವಾಸನಿ ಬರ್ತದ. ಶೇಂಗಾದ್ದು ಹಂಗಲ್ಲ, ಎಂಟು ದಿನ ಇಟ್ರೂ ಏನೂ ಆಗಂಗಿಲ್ಲ. ಕಡೀಕೆ ನೈವೇದ್ಯದ ಪೂರ್ತೆ ಐದು ಹೂರಣದ ಹೋಳಿಗಿ ಮುಂಜಾನೆ ನಾಲ್ಕಕ್ಕ ಎದ್ದು ಮಾಡಿದೆ, ಅವರೂ ಸುಮ್ಮನಾದ್ರು.

1 ಕಿಲೋ ಶೇಂಗಾ ಸಣ್ಣ ಉರಿಯೊಳಗ ಹುರಿದು, ಸಿಪ್ಪಿ ತಗದು ಪುಡಿ ಮಾಡಿದೆ. ಮಿಕ್ಸರ್ ಒಂದೇ ಸವನ ತಿರುಗಿಸಬ್ಯಾಡ್ರಿ, ಎಣ್ಣಿ ಬಿಟ್ಟು ಮುದ್ದಿ ಆಗ್ತದ. 1 ಕಿಲೋ ಬೆಲ್ಲಕ್ಕ ಕರಗಲಿಕ್ಕೆ ಬೇಕಾದಷ್ಟ ನೀರು, ಅಂದ್ರ ನಾಲ್ಕೈದು ಚಮಚ ಹಾಕಿ ಕುದಿಸಿ, ಅದರಾಗ ಪುಡಿ, ಹುರಿದ ಎಳ್ಳು, ಯಾಲಕ್ಕಿ ಕಲಿಸಬೇಕು. ನೀರು ಜಾಸ್ತಿ ಆದ್ರ ಮೆತ್ತಗಾಗಿ ಲಟ್ಟಿಸೋವಾಗ ಹರೀತದ, ಭಾಳ ದಿನ ಇರಂಗೂ ಇಲ್ಲ. ಕಣಕಕ್ಕ ಮೈದಾ, ಚಿರೋಟಿ ರವಾ ಸಮಾ ಹಾಕಿ ಎರಡೂ ಕೂಡಿ ಮುಕ್ಕಾಲು ಕಿಲೋ. 45 ಹೋಳಿಗಿ ಆದ್ವು. ಬೇಯಿಸಿದ ಕೂಡ್ಲೆ ಒಂದರ ಮ್ಯಾಲೊಂದು ಒಟ್ಟಬ್ಯಾಡ್ರಿ. ಬೆವತು ಅಂಟಿಕೊಳ್ತಾವ. ಅರಿವಿ ಮ್ಯಾಲೆ ಹರವಿ ಪೂರಾ ಆರಿಸಿ ಆಮ್ಯಾಲೆ ಡಬ್ಬಿ.

ಹುಳಿಯನ್ನದ ಗೊಜ್ಜು ಎರಡು ದಿನ ಮೊದಲ ಮಾಡಿದೆ. ಒಂದೂವರೆ ಕಿಲೋ ಅಕ್ಕಿಗೆ ಪಾವು ಕಿಲೋ ಹುಣಸಿಹಣ್ಣು. ಬೆಲ್ಲ, ಪುಡಿ ಹಾಕಿ ಕುದಿಸಿ ಎಣ್ಣಿ ಬದಿಗೆ ಬಿಡಬೇಕು, ಅಲ್ಲೀತನಕಾ ಇಳಸಬ್ಯಾಡ್ರಿ. ಅನ್ನ ಮಾತ್ರ ಅವತ್ತಿಂದ ಅವತ್ತ.

ಎಣ್ಣಿಗಾಯಿದು ದೊಡ್ಡ ಕಥಿ. ಒಮ್ಮೆ ನಾ ಸಂಜಿಕೆ ಮಾಡಿ ಬಿಸಿ ಇದ್ದಾಗನ ಗಟ್ಟಿ ಮುಚ್ಚಿ ಮಲಗಿದ್ದೆ. ಮುಂಜಾನೆ ತಗದ್ರ ಮುಚ್ಚಳದ ತುಂಬ ನೀರು, ಮ್ಯಾಲೆ ಸಣ್ಣ ನೊರಿ, ಹುಳಿ ವಾಸನಿ. ಮೂರು ಕಿಲೋ ಬದನಿಕಾಯಿ ತಿಪ್ಪಿಗೆ ಹೋತು. ಈ ಸಲ ಉಳ್ಳಾಗಡ್ಡಿ, ಹಸಿ ಕಾಯಿ ಎರಡೂ ಹಾಕಲಿಲ್ಲ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಮಸಾಲಿ ಖಾರ ಇಷ್ಟ ತುಂಬಿ, ಕೈ ಬಿಟ್ಟು ಎಣ್ಣಿ ಹಾಕಿದೆ. ಇಳಿಸಿದ ಮ್ಯಾಲೆ ಎರಡು ಅಗಲ ಪರಾತದಾಗ ಹರವಿ, ಫ್ಯಾನ್ ಕೆಳಗ ಇಟ್ಟೆ. ಪೂರಾ ಆರಿದ ಮ್ಯಾಲೆ ಡಬ್ಬಿ ತುಂಬಿ ಫ್ರಿಜ್ಜಿನ್ಯಾಗ ಇಟ್ಟೆ, ಜಾಗಾ ಸಾಲದ್ದಕ್ಕ ಒಂದು ಡಬ್ಬಿ ಬಾಜೂ ಮನಿ ಅಕ್ಕಾರ ಫ್ರಿಜ್ಜಿನ್ಯಾಗ. ಮರುದಿನ ಕುದಿ ಬರೋ ಹಂಗ ಬಿಸಿ ಮಾಡಿದ್ವಿ. ಖಾರ ಒಳಗಿಳದು ರುಚಿ ಹೆಚ್ಚಾಗಿತ್ತು. ಫ್ರಿಜ್ ಇಲ್ಲಂದ್ರ ಮಸಾಲಿ ಅಷ್ಟ ಹಿಂದಿನ ದಿನ ಕುಟ್ಟಿಟ್ಟು ಕಾಯಿ ಮುಂಜಾನೆ ಬೇಯಿಸ್ರಿ, ಅದೂ ವೈಶಾಖದಾಗಂತೂ.

ಕೋಸಂಬರಿ ನಮ್ಮ ನೆಗೆಣ್ಣಿ ನೋಡಿಕೊಂಡ್ಲು. ಪಾಪ, ಹುರುಪಿಲೆ ಸೌತಿಕಾಯಿ ಹೆಚ್ಚಿ ಆಗಿಂದಾಗ ಉಪ್ಪು ಹಾಕಿಬಿಟ್ಟಿದ್ಲು. ಊಟದ ಹೊತ್ತಿಗೆ ಅರ್ಧ ಪಾತ್ರಿ ನೀರು. ಬಸದು ಬಡಿಸಿದ್ವಿ. ಎಲಿ ಹಾಕಿದ ಮ್ಯಾಲೇನ ಉಪ್ಪು ಅಂತ ಹೇಳೋದು ನಾನೂ ಮರತಿದ್ದೆ.

ಏಳರ ಸುಮಾರಿಗೆ ಹಾಲು ಇಟ್ರು. ನಾ ಒಲಿ ಎದುರಿಗೇ ನಿಂತಿದ್ದೆ, ರೇಷ್ಮಿ ಸೀರಿ ಉಟ್ಟು, ಕೈಯಾಗ ಹಿಟ್ಟಿಲ್ದ. ಮೂಡಲ ಕಡೆ ಉಕ್ಕಿತು. ಅತ್ತಿಯವರು ನನ್ನ ಕಡೆ ನೋಡಿ, "ಆತಲ್ಲ?" ಅಂದ್ರು. ಅವರಿಗೆ ಆ ಹಿತ್ತಲ ನೆನಪಿತ್ತು ಅಂತ ನನಗ ಅವತ್ತ ಗೊತ್ತಾತು. ಆಮ್ಯಾಲೆ ಅದ ಒಲಿ ಮ್ಯಾಲೆ ಸಾರಿಗೆ ಬ್ಯಾಳಿ ಇಟ್ಟೆ.