ಬಿಟ್ಟು ಹೋಗುವ ಉಡುಪು

ನ್ಯೂಯಾರ್ಕ್ ನಗರದ ಮ್ಯಾರಥಾನ್ ಓಟವು ನವೆಂಬರ್ ತಿಂಗಳ ಮೊದಲನೆಯ ಭಾನುವಾರ ನಡೆಯುವುದು. ಓಡುವ ದೂರ 42 ಕಿಲೋಮೀಟರು. ಆದರೆ ಅದಕ್ಕೂ ಮೊದಲು ಸ್ಟೇಟನ್ ದ್ವೀಪದ ಬಯಲಿನಲ್ಲಿ ಎರಡು ಮೂರು ಗಂಟೆಗಳ ಕಾಲ ಕಾದಿರಬೇಕು. ನಾನು ಓಡಿದ ವರುಷ ಮುಂಜಾನೆ 5 ಡಿಗ್ರಿಯಷ್ಟು ಚಳಿ. ಮೈಸೂರಿನ ಮಾಗಿ ಅದರೆದುರು ಏನೂ ಅಲ್ಲ.

ಇಂಥಲ್ಲಿ ಕಾಯುವ ಉಡುಪೇ ಬೇರೆ, ಓಡುವ ಉಡುಪೇ ಬೇರೆ. ಓಡತೊಡಗಿದ ದೇಹವು ಬಹಳ ಶಾಖವನ್ನು ಹುಟ್ಟಿಸುವುದರಿಂದ, ನಿಂತಾಗ ತುಸು ಚಳಿಯೆನಿಸುವ ತೆಳುವಾದ ಅಂಗಿಯೇ ಓಟಕ್ಕೆ ತಕ್ಕುದು. ಅದೊಂದನ್ನೇ ತೊಟ್ಟು ಕಾದರಾದರೋ ಮೈ ನಡುಗುವುದು; ನಡುಕವೂ ಸ್ನಾಯುಗಳ ದುಡಿಮೆಯೇ ಆದುದರಿಂದ ಓಟಕ್ಕೆಂದು ಕೂಡಿಟ್ಟ ಶಕ್ತಿಯು ವ್ಯರ್ಥವಾಗುವುದು.

ಆದುದರಿಂದ ಮೇಲೆ ತೊಡಲು, ನಮ್ಮ ಮನೆಗಳಲ್ಲಿ ಪಾತ್ರೆಯವಳಿಗೆ ಹಾಕಲು ತೆಗೆದಿಡುವಂಥ ಹಳೆಯ ಬಟ್ಟೆಗಳೇ ಸಾಕು. ನಾನು ಮುಂದೆ ಗುಂಡಿಯಿರುವ ಉಣ್ಣೆಯಂಗಿಯನ್ನೂ, ಬೂಟುಗಳ ಮೇಲಿಂದಲೇ ಜಾರುವಂಥ ಅಗಲ ಕಾಲಿನ ಷರಾಯಿಯನ್ನೂ ಆರಿಸಿದ್ದೆನು. ಗಾಳಿ ತಡೆಯಲು ತಲೆಗೂ ತೋಳುಗಳಿಗೂ ತೂತು ಮಾಡಿದ ದೊಡ್ಡ ಪ್ಲಾಸ್ಟಿಕ್ ಚೀಲ. ಹುಲ್ಲಿನ ಇಬ್ಬನಿಗೆ ಕಾಲುಚೀಲ ನೆನೆಯದಂತೆ ಬೂಟುಗಳಿಗೂ ಒಂದೊಂದು ಚೀಲ. ಓಟದ ಸಂಖ್ಯೆಯ ಚೀಟಿಯನ್ನು ಮಾತ್ರ ಒಳಗಿನ ಅಂಗಿಗೇ ಚುಚ್ಚಬೇಕು. ಕಾಲವನ್ನು ಗುರುತಿಸುವ ಸಾಧನವು ಅದರಲ್ಲಿಯೇ ಇರುವುದರಿಂದ, ಹೊರಗಿನ ಬಟ್ಟೆಯೊಡನೆ ಅದೂ ಹೋದರೆ ಓಡಿದ್ದಕ್ಕೆ ಲೆಕ್ಕವೇ ಇಲ್ಲ!

ಹೊರಡುವ ಕಾಲು ಗಂಟೆಗೆ ಮುಂಚೆ ಬಟ್ಟೆಗಳೊಡನೆಯೇ ಚುರುಕಾಗಿ ನಡೆದು, ಕಾಲುಗಳನ್ನು ಹಿಂದೆ ಮುಂದೆ ಬೀಸಿದೆನು. ಇಷ್ಟು ದೀರ್ಘವಾದ ಓಟಕ್ಕೆ ಅದಕ್ಕಿಂತ ಹೆಚ್ಚು ಬೇಡ. ಮೊದಲ ಮೈಲಿಯನ್ನು ನಿಧಾನವಾಗಿ ಓಡಿದರೆ ಉಳಿದುದು ತಾನೇ ಆಗುವುದು. ಬೆನ್ನು ಬೆವರಿದರೆ ಅತಿಯಾಯಿತೆಂದೇ ತಿಳಿಯಬೇಕು. ಒದ್ದೆಯಾದ ಅಂಗಿಗೆ ಗಾಳಿ ಬಡಿದರೆ ಚಳಿ ಇಮ್ಮಡಿಯಾಗುವುದು.

ಹೊರಡಲು ಸುಮಾರು ಹತ್ತು ನಿಮಿಷವಿರುವಾಗ ಉಣ್ಣೆಯಂಗಿಯನ್ನೂ ಷರಾಯಿಯನ್ನೂ ಅಲ್ಲಿಟ್ಟ ತೊಟ್ಟಿಗೆ ಹಾಕಿದೆನು. ಅವು ದಾನಕ್ಕೆ ಸಲ್ಲುತ್ತವೆ. ಚೀಲವನ್ನು ಕಡೆಯ ಗಳಿಗೆಯಲ್ಲಿ ತೆಗೆದೆನು. ಓಡುತ್ತ ತೊಟ್ಟಿದ್ದರೆ ಬೆವರು ಅದರೊಳಗೇ ನಿಲ್ಲುವುದು. ಓಟ ಮೊದಲಾಗುವುದೇ ವೆರಜಾನೊ ಸೇತುವೆಯ ಏರಿನಲ್ಲಿ. ಅಲ್ಲಿ ಕಡಲ ಗಾಳಿ ಬೀಸುವುದು ನಿಜವಾದರೂ, ಜನರ ನೂಕಿನಲ್ಲಿ ಬಟ್ಟೆ ಬಿಸುಟರೆ ಹಿಂದೆ ಬರುವವರ ಕಾಲಿಗೆ ತೊಡರುವುದು. ತೋಳಿಗೆ ಹಳೆಯ ಕಾಲುಚೀಲದ ತುದಿ ಕತ್ತರಿಸಿ ಏರಿಸಿಕೊಂಡಿದ್ದವನ್ನು ಬ್ರೂಕ್ಲಿನ್ನಿಗೆ ಇಳಿದ ಮೇಲೆ, ದಾರಿಯಂಚಿಗೆ ಸರಿದು ಬಿಟ್ಟೆನು.

ಮಳೆಯೂ ಎದುರುಗಾಳಿಯೂ ಕೂಡಿದ ದಿನ ಈ ಕ್ರಮ ಸಲ್ಲದು. 2018ರ ಏಪ್ರಿಲಿನಲ್ಲಿ ಬಾಸ್ಟನ್ನಿನ ಓಟವು ಅಂಥ ದಿನದಲ್ಲಿಯೇ ನಡೆಯಿತು. ಹೆಂಗಸರಲ್ಲಿ ಮೊದಲಿಗಳಾದ ಡೆಸಿರೀ ಲಿಂಡೆನ್ ತನ್ನ ಮೇಲಂಗಿಯನ್ನು ಕೊನೆಯವರೆಗೂ ಕಳಚಲಿಲ್ಲ.

ಕೈಗವಸುಗಳನ್ನು ನಾನು ಎಸೆಯಲಿಲ್ಲ. ಬೆರಳು ಮರಗಟ್ಟಿದರೆ ಆಹಾರದ ಪೊಟ್ಟಣವನ್ನು ಹರಿಯಲೂ ಆಗದು. ಅಂಗೈ ಬೆವೆತಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದು, ಹದಿನೈದನೆಯ ಮೈಲಿ ದಾಟಿ ಕ್ವೀನ್ಸ್‌ಬರೋ ಸೇತುವೆಯ ನೆರಳಿನಲ್ಲಿ ಗಾಳಿ ತಾಗಿದೊಡನೆ ಮತ್ತೆ ತೊಟ್ಟುಕೊಂಡೆನು.