ಫಸಲು ಗುತ್ತಿಗೆಗೆ, ಪಹಣಿ ನಮ್ಮ ಹೆಸರಲ್ಲೇ

ಈ ಸಲ ಬಾದಾಮಿ, ರಸಪುರಿ ಎರಡನ್ನೂ ಮಂಡಿಗೆ ಹಾಕದೆ ಬೆಂಗಳೂರಿನ ಮನೆಗಳಿಗೇ ಪೆಟ್ಟಿಗೆ ಕಳಿಸೋಣ ಅಂತ, ಮೂರು ತಿಂಗಳಿಗೆ ಒಂದು ಸೋಶಿಯಲ್ ಮೀಡಿಯಾ ಏಜೆನ್ಸಿಯವರನ್ನ ಗೊತ್ತು ಮಾಡಿದೆ. ಮೊದಲ ದಿನವೇ ಆ ಕಡೆ ಹುಡುಗ ಫೋನ್ ಮಾಡಿ, "ಅಣ್ಣ, ಫೇಸ್‌ಬುಕ್ ಪಾಸ್‌ವರ್ಡ್ ಕಳಿಸ್ಬಿಡಿ, ಓಟಿಪಿ ಬಂದಾಗ ಹೇಳಿದ್ರೆ ಸಾಕು" ಅಂದ. ಕೊಡಲ್ಲಪ್ಪ ಅಂದೆ. ತೋಟದ ಫಸಲು ಗುತ್ತಿಗೆಗೆ ಕೊಡ್ತೀವಿ, ಹಾಗಂತ ಪಹಣಿಗೆ ಅವರ ಹೆಸರು ಹಾಕಿಸ್ತೀವಾ?

ನಮ್ಮ ಪೇಜನ್ನ ಮೊದಲೇ ನಮ್ಮದೇ ಒಂದು Business portfolio ಒಳಗೆ ಇಟ್ಟಿದ್ದೆ. business.facebook.com ನಲ್ಲಿ ಪುಕ್ಕಟೆಯಾಗೇ ಮಾಡ್ಕೋಬಹುದು. ಅದರ ಪೂರ್ತಿ ಹಿಡಿತ ಇರೋದು ನನಗೂ ನನ್ನ ಹೆಂಡತಿಗೂ ಮಾತ್ರ. ಒಬ್ಬರ ಅಕೌಂಟ್ ಲಾಕ್ ಆದರೆ ಇನ್ನೊಬ್ಬರು ಬಾಗಿಲು ತೆಗೀಬೇಕಲ್ಲ, ಅದಕ್ಕೇ ಇಬ್ಬರು.

ಏಜೆನ್ಸಿಯವರಿಗೂ ಅಂಥದ್ದೊಂದು ಇರುತ್ತೆ, ಅದಕ್ಕೊಂದು ಉದ್ದನೆ ನಂಬರು. ಆ ನಂಬರ್ ಇಸ್ಕೊಂಡು, Settings ಒಳಗೆ Partners ಗೆ ಹೋಗಿ, ನಮ್ಮ ಆಸ್ತಿಗೆ ಪಾಲುದಾರರಿಗೆ ಪ್ರವೇಶ ಕೊಡೋದನ್ನ ಆರಿಸಿ, ನಂಬರ್ ಹಾಕಿ, ಪೇಜನ್ನ ಆರಿಸಿದೆ. ಆಮೇಲೆ ಕೆಲಸಗಳ ಪಟ್ಟಿ ಬರುತ್ತೆ, ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ಚು. ಪೋಸ್ಟ್ ಹಾಕೋಕೆ Content, ಜಾಹೀರಾತಿಗೆ Ads, ಲೆಕ್ಕ ನೋಡೋಕೆ Insights, ಈ ಮೂರು ಆನ್ ಮಾಡಿದೆ. ಪೂರ್ತಿ ಹಿಡಿತದ ಸ್ವಿಚ್ಚನ್ನ ಮುಟ್ಟಲಿಲ್ಲ.

Messages ಹತ್ತಿರ ಮಾತ್ರ ಕೈ ನಿಂತಿತು. ಗಿರಾಕಿಗಳಿಗೆ ಬೇಗ ಉತ್ತರ ಹೋಗಬೇಕು ನಿಜ. ಆದರೆ ನಮ್ಮ ಇನ್‌ಬಾಕ್ಸ್ ತುಂಬಾ ಇರೋದು ಜನರ ಮನೆ ವಿಳಾಸ, ಫೋನ್ ನಂಬರು. ಇದೇ ಏಜೆನ್ಸಿ ಮುಂದಿನ ವರ್ಷ ಇನ್ನೊಬ್ಬ ಮಾವಿನವರ ಕೆಲಸ ಹಿಡೀಬಹುದು. ಕೊಡಲಿಲ್ಲ. ಮಗಳು ಸಂಜೆ ಕೂತು ಉತ್ತರ ಕೊಡ್ತಾಳೆ. ಸ್ವಲ್ಪ ತಡ ಆದರೂ ಪರವಾಗಿಲ್ಲ.

ಜಾಹೀರಾತು ಖಾತೆಯೂ ಇದೇ ಥರ. ಖಾತೆ ನಮ್ಮದು, ಕಾರ್ಡೂ ನಮ್ಮದು, ಅವರಿಗೆ ಕ್ಯಾಂಪೇನ್ ನಡೆಸೋ ಅಧಿಕಾರ ಅಷ್ಟೇ. ಆದರೂ ಅವರು ಓಡಿಸೋ ಜಾಹೀರಾತಿನ ದುಡ್ಡು ನಮ್ಮ ಕಾರ್ಡಿಂದಲೇ ಹೋಗುತ್ತೆ ನೋಡಿ. ಅದಕ್ಕೆ ಖಾತೆಗೇ 15,000 ರೂಪಾಯಿಯ ಮಿತಿ ಹಾಕಿಟ್ಟೆ. ಅಲ್ಲಿಗೆ ಮುಟ್ಟಿದರೆ ಜಾಹೀರಾತು ತಾನಾಗೇ ನಿಲ್ಲುತ್ತೆ.

ಪಕ್ಕದ ಊರಿನ ಸ್ನೇಹಿತರೊಬ್ಬರ ಪೇಜು ಯಾವ ಪೋರ್ಟ್‌ಫೋಲಿಯೋದಲ್ಲೂ ಇರಲಿಲ್ಲ. ಅವರ ಏಜೆನ್ಸಿ ಪ್ರವೇಶ ಕೇಳೋ ಬದಲು, ಪೇಜನ್ನೇ ತಮ್ಮದಕ್ಕೆ ಸೇರಿಸ್ಕೊಳ್ಳೋ ಕೋರಿಕೆ ಕಳಿಸಿತ್ತು. ಫೋನಿನಲ್ಲಿ ಎರಡು ಕೋರಿಕೆಯೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಒಪ್ಪಿದರೆ ಮುಗೀತು. ಒಂದು ಪೇಜಿಗೆ ಒಡೆಯ ಪೋರ್ಟ್‌ಫೋಲಿಯೋ ಒಂದೇ ಇರೋಕೆ ಸಾಧ್ಯ, ಆ ಒಡೆಯ ಏಜೆನ್ಸಿ ಆಗಿಹೋಯ್ತು. ಕೆಲಸ ಬಿಡಿಸಿದ ಮೇಲೂ ಪೇಜು ವಾಪಸ್ ಪಡೆಯೋಕೆ ಅವರು ಅಲೆದದ್ದನ್ನ ನಾನೇ ನೋಡಿದೀನಿ. ನಿಮ್ಮದು ಯಾರ ಹೆಸರಲ್ಲಿದೆ ಅಂತ ನೋಡಬೇಕಾ? ಪೋರ್ಟ್‌ಫೋಲಿಯೋದ Settings ನಲ್ಲಿ Pages ತೆಗೆದು ಪೇಜಿನ ಹೆಸರು ಒತ್ತಿ. Owned by ಅಂತಿರೋ ಕಡೆ ನಿಮ್ಮದೇ ಹೆಸರಿರಬೇಕು.

ಜುಲೈನಲ್ಲಿ ಹಣ್ಣು ಮುಗಿದ ಮೇಲೆ Partners ನಲ್ಲಿ ಅವರ ಹೆಸರು ತೆಗೆದೆ. ಅವರ ಕಡೆ ಎಷ್ಟು ಹುಡುಗರು ಕೆಲಸ ಮಾಡ್ತಿದ್ದರೋ ಗೊತ್ತಿಲ್ಲ, ಎಲ್ಲರ ಪ್ರವೇಶವೂ ಒಟ್ಟಿಗೇ ಹೋಯ್ತು. ಅವರು ಹಾಕಿದ್ದ ಪೋಸ್ಟುಗಳು ಪೇಜಿನಲ್ಲೇ ಇವೆ.